ಅಕೌಂಟ್ ಡಿಲೀಟ್ ಆದರೂ ಪ್ಲಾನ್ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ದುಡ್ಡು ಕೊಟ್ಟು ಬಳಸುವ ಆಪ್ ಬೇಡ ಅನಿಸಿದಾಗ ಬಹಳ ಜನ ಮೊದಲು ಮಾಡುವ ಕೆಲಸ ಅಕೌಂಟ್ ಡಿಲೀಟ್ ಮಾಡುವುದು. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಮುಗಿದಿರುವುದು ಅಕೌಂಟ್ ಅಷ್ಟೇ, ಪ್ಲಾನ್ ಆರಾಮಾಗಿ ನಡೆಯುತ್ತಿರುತ್ತದೆ.

ನನ್ನ ಪರಿಚಯದವರೊಬ್ಬರು ಫೋಟೊ ತಿದ್ದುವ ಆಪ್ ಒಂದಕ್ಕೆ ಫೋನಿನ ಆಪ್ ಸ್ಟೋರ್ ಮೂಲಕ ವರ್ಷದ ಪ್ಲಾನ್ ತೆಗೆದುಕೊಂಡಿದ್ದರು. ನಾಲ್ಕು ತಿಂಗಳಿಗೆ ಬೇಜಾರಾಯಿತು. ಆಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿದರು, ಆಪನ್ನೂ ಫೋನಿನಿಂದ ತೆಗೆದುಹಾಕಿದರು. ಇನ್ನೂ ಎಂಟು ತಿಂಗಳು ಬಳಸಬಹುದಿತ್ತು, ಅದು ಹಾಗೇ ಹೋಯಿತು. ವರ್ಷ ತುಂಬುತ್ತಿದ್ದಂತೆ ಕಾರ್ಡಿನಿಂದ ಮತ್ತೆ ಪೂರ್ತಿ ವರ್ಷದ ದುಡ್ಡು ಕಟ್ ಆಯಿತು. ಕಂಪನಿಗೆ ಮೇಲ್ ಹಾಕಿದರೆ, ‘ಈ ಇಮೇಲ್ ಹೆಸರಲ್ಲಿ ನಮ್ಮಲ್ಲಿ ಯಾವ ಅಕೌಂಟೂ ಇಲ್ಲ’ ಎಂಬ ಉತ್ತರ ಬಂತು. ಅವರು ಹೇಳಿದ್ದು ಸುಳ್ಳೂ ಅಲ್ಲ, ಡಿಲೀಟ್ ಆಗಿತ್ತಲ್ವಾ!

ಇಲ್ಲಿ ಲೆಕ್ಕದ ಪುಸ್ತಕ ಎರಡಿರುತ್ತವೆ. ನಮ್ಮ ಇಮೇಲ್, ಪಾಸ್‌ವರ್ಡ್, ಫೋಟೊಗಳೆಲ್ಲ ಆಪ್ ಕಂಪನಿಯ ಪುಸ್ತಕದಲ್ಲಿ. ಯಾವ ಪ್ಲಾನ್, ಯಾವ ಕಾರ್ಡ್, ಮುಂದಿನ ಕಂತು ಯಾವತ್ತು ಎನ್ನುವುದು ಸ್ಟೋರ್‌ನ ಪುಸ್ತಕದಲ್ಲಿ. ಡಿಲೀಟ್ ಒತ್ತಿದರೆ ಅಳಿಸುವುದು ಮೊದಲನೆಯದು ಮಾತ್ರ. ದುಡ್ಡು ಎಳೆಯುವ ಸ್ಟೋರ್‌ಗೆ ಆ ಸುದ್ದಿಯೇ ಮುಟ್ಟದೆ ಇರಬಹುದು. ಆಪ್ ಅನ್‌ಇನ್‌ಸ್ಟಾಲ್ ಮಾಡಿದರೂ ಇದೇ ಕಥೆ.

ಕ್ಯಾನ್ಸಲ್ ಮಾಡುವುದು ಬೇರೆಯೇ ಕೆಲಸ. ಅದರಿಂದ ಮುಂದಿನ ಕಂತು ನಿಲ್ಲುತ್ತದೆ, ಈಗಾಗಲೇ ಕಟ್ಟಿದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಆಪ್ ಬಳಸಬಹುದು. ಐಫೋನ್‌ನಲ್ಲಿ Settings ತೆರೆದು ಮೇಲೆ ಕಾಣುವ ನಿಮ್ಮ ಹೆಸರು ಒತ್ತಿ, Subscriptions ಗೆ ಹೋಗಬೇಕು. ಆಂಡ್ರಾಯ್ಡ್‌ನಲ್ಲಾದರೆ ಪ್ಲೇ ಸ್ಟೋರ್ ತೆರೆದು ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, Payments & subscriptions ಒಳಗೆ Subscriptions ನೋಡಬೇಕು. ಕ್ಯಾನ್ಸಲ್ ಆದ ಮೇಲೆ ಆ ಪಟ್ಟಿಯಲ್ಲಿ ಮುಂದಿನ ಕಂತಿನ ದಿನಾಂಕ ಹೋಗಿ, ಪ್ಲಾನ್ ಮುಗಿಯುವ ದಿನಾಂಕ ಬಂದಿರಬೇಕು. ಬಂದಿಲ್ಲ ಅಂದರೆ ಕ್ಯಾನ್ಸಲ್ ಆಗಿಲ್ಲ. ಆಪ್ ಹೆಸರೇ ಪಟ್ಟಿಯಲ್ಲಿ ಇಲ್ಲವೇ? ಹಾಗಾದರೆ ಬೇರೆ ಇಮೇಲ್‌ನಲ್ಲಿ ಲಾಗಿನ್ ಆಗಿ ಕೊಂಡಿರಬೇಕು, ಇಲ್ಲವೇ ನೇರ ಕಂಪನಿಯ ವೆಬ್‌ಸೈಟ್‌ನಲ್ಲಿ ಕಟ್ಟಿರಬೇಕು. ದುಡ್ಡು ಕಟ್ಟಿದಾಗ ಬಂದ ರಸೀದಿಯ ಮೇಲ್ ಯಾರಿಂದ ಬಂದಿದೆ ನೋಡಿದರೆ ಗೊತ್ತಾಗುತ್ತದೆ.

ವೆಬ್‌ಸೈಟ್‌ನಲ್ಲಿ ನೇರವಾಗಿ ಕಟ್ಟಿದವರ ತೊಂದರೆ ಇನ್ನೊಂದು ಥರ. ಕೆಲವು ಕಂಪನಿಗಳು ಪ್ಲಾನ್ ಇರುವಾಗ ಡಿಲೀಟ್ ಮಾಡಲು ಬಿಡುವುದೇ ಇಲ್ಲ. ಅದು ಒಳ್ಳೆಯದೇ. ಕೆಲವು ಕಡೆ ಡಿಲೀಟ್ ಮಾಡಿದರೆ ಪ್ಲಾನೂ ಜೊತೆಗೇ ಸಾಯುತ್ತದೆ, ಆದರೆ ಉಳಿದ ಅವಧಿಗೆ ದುಡ್ಡು ವಾಪಸ್ ಇಲ್ಲ ಎಂದು ನಿಯಮಗಳಲ್ಲಿ ಬರೆದಿರುತ್ತದೆ. ರಿಫಂಡ್ ಸಿಗುವ ಸಂದರ್ಭ ಇದ್ದರೂ, ಕೇಳುವವರು ನೀವೇ ಎಂದು ತೋರಿಸಲು ಬೇಕಾದ ಅಕೌಂಟೇ ಇರುವುದಿಲ್ಲ.

ಹಾಗಾಗಿ ರಿಫಂಡ್ ಬೇಕಿದ್ದವರು ಮೊದಲು ಪ್ಲಾನ್ ಕ್ಯಾನ್ಸಲ್ ಮಾಡಿ, ಆಮೇಲೆ ರಿಫಂಡ್ ಕೇಳಿ, ಉತ್ತರ ಬಂದ ನಂತರವೇ ಡಿಲೀಟ್‌ಗೆ ಕೈ ಹಾಕುವುದು ಮೇಲು. ಸುಮ್ನೆ ಕ್ಯಾನ್ಸಲ್ ಮಾಡಿದ ಮಾತ್ರಕ್ಕೆ ರಿಫಂಡ್ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು. ಆಪಲ್ ಮೂಲಕ ಕೊಂಡಿದ್ದರೆ ಕೇಳಬೇಕಾದದ್ದು ಆಪಲ್‌ನವರನ್ನು, reportaproblem.apple.com ನಲ್ಲಿ. ಗೂಗಲ್ ಪ್ಲೇಯಲ್ಲಿ ಕೊಂಡು 48 ಗಂಟೆ ದಾಟಿದ್ದರೆ ಸಾಮಾನ್ಯವಾಗಿ ಆಪ್ ಮಾಡಿದವರನ್ನೇ ಕೇಳಿ ಎನ್ನುತ್ತಾರೆ. ಆಗ ರಸೀದಿಯಲ್ಲಿ GPA ಎಂದು ಶುರುವಾಗುವ ಆರ್ಡರ್ ನಂಬರ್ ಕೈಯಲ್ಲಿರಲಿ.

ಈಗಾಗಲೇ ಡಿಲೀಟ್ ಮಾಡಿಬಿಟ್ಟವರೂ ಗಾಬರಿಯಾಗಬೇಕಿಲ್ಲ. ಸ್ಟೋರ್‌ನಲ್ಲಿ ಪ್ಲಾನ್ ನಿಲ್ಲಿಸಲು ಆಪ್‌ನ ಅಕೌಂಟೂ ಬೇಡ, ಆಪ್ ಫೋನಿನಲ್ಲಿ ಇರುವುದೂ ಬೇಡ. ನನ್ನ ಪರಿಚಯದವರು ಕೊನೆಗೆ ನಿಲ್ಲಿಸಿದ್ದು ಹೀಗೆಯೇ.

ಅಕೌಂಟ್ ತೆರೆಯಲು ಬಿಡುವ ಆಪ್‌ಗಳು ಆಪ್ ಒಳಗೇ ಡಿಲೀಟ್ ಮಾಡಲೂ ಬಿಡಬೇಕು ಎಂದು ಆಪಲ್ 2022ರ ಜೂನ್ 30ರಿಂದ ನಿಯಮ ಮಾಡಿದೆ. ನಮ್ಮ ಮಾಹಿತಿ ಅಳಿಸುವುದು ಇದರಿಂದ ಸುಲಭವಾಯಿತು, ಸಂತೋಷ. ಆದರೆ ಪ್ಲಾನ್ ಇನ್ನೂ ಇದೆ ಎಂಬ ಎಚ್ಚರಿಕೆ ಎಷ್ಟೋ ಆಪ್‌ಗಳಲ್ಲಿ ಯಾವುದೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಡಿಲೀಟ್ ಬಟನ್‌ನ ಮೇಲೆಯೇ, ದೊಡ್ಡದಾಗಿ, ‘ನಿಮ್ಮ ಪ್ಲಾನ್ ನಿಂತಿಲ್ಲ, ಇಂಥ ದಿನ ಮತ್ತೆ ದುಡ್ಡು ಕಟ್ ಆಗುತ್ತದೆ’ ಎಂದು ತೋರಿಸಿ, ಪಕ್ಕದಲ್ಲೇ ಕ್ಯಾನ್ಸಲ್ ಮಾಡುವ ಲಿಂಕ್ ಕೊಡಲಿ. ಕಂತು ಎಳೆಯುವ ದಿನವನ್ನು ತಪ್ಪದೆ ನೆನಪಿಟ್ಟುಕೊಳ್ಳುವವರಿಗೆ ಇದೇನು ಕಷ್ಟದ ಕೆಲಸವಲ್ಲ.

ಇಂತಿ,
ಒಬ್ಬ ಓದುಗ