ತಿಂಗಳಿಗೆ ಹತ್ತು ಸಾವಿರ ಎಲ್ಲಿಂದ ಬರುತ್ತದೆ?

ದಾವಣಗೆರೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಾನು ಸಿಟ್ಟಾದೆ, ನೀನು ಮಾತು ನಿಲ್ಲಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಸೇರಬೇಕೆಂದಿರುವ ಯೋಜನೆಗೆ ಒಂದು ಲಕ್ಷ ಕಟ್ಟಿದರೆ ತಿಂಗಳಿಗೆ ಹತ್ತು ಸಾವಿರ, ವರ್ಷದ ಕೊನೆಗೆ ಅಸಲೂ ವಾಪಸ್ ಎಂದು ನೀನು ಹೇಳಿದೆ. ಗೆಳತಿಗೆ ನಾಲ್ಕು ತಿಂಗಳು ತಪ್ಪದೆ ಬಂದಿದೆ ಎಂದೆ. ಬಂದಿರಬಹುದು. ಆದರೆ ಆ ನಲವತ್ತು ಸಾವಿರವನ್ನು ಅವಳೇ ಕಟ್ಟಿದ ಲಕ್ಷದಿಂದ ಎಣಿಸಿ ಕೊಟ್ಟರೂ ಇನ್ನೂ ಅರವತ್ತು ಸಾವಿರ ಯೋಜನೆಯವರ ಬಳಿಯೇ ಉಳಿಯುತ್ತದೆ. ಅದು ಲಾಭವೆಂದು ನಂಬಲು ಈ ನಾಲ್ಕು ತಿಂಗಳು ಸಾಲದು.

ಬೆಳಿಗ್ಗೆ ಮಂಡಕ್ಕಿ ಭಟ್ಟಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ನೋಡಿದೆ. ನೂರು ಜನ ಒಂದೊಂದು ಲಕ್ಷ ಕಟ್ಟಿದರೆ 1 ಕೋಟಿ. ವರ್ಷದೊಳಗೆ ಅವರಿಗೆ ಕೊಡಬೇಕಾದದ್ದು ಅಸಲು 1 ಕೋಟಿ, ಮೇಲೆ 1.2 ಕೋಟಿ. ಹಣ ಎಲ್ಲೂ ದುಡಿಯದಿದ್ದರೆ ಆ 1.2 ಕೋಟಿಗೆ ಹೊಸದಾಗಿ 120 ಜನ ಬೇಕು. ಈ 120 ಜನರಿಗೆ ಕೊಡಬೇಕಾದದ್ದು 2.64 ಕೋಟಿ, ಪೆಟ್ಟಿಗೆಯಲ್ಲಿ ಸೊನ್ನೆ. ಆಗ 264 ಜನ ಬೇಕು, ಅವರಿಗಾಗಿ 581, ಆಮೇಲೆ ಸುಮಾರು 1,280. ಏಜೆಂಟರ ಕಮಿಷನ್ ನಾನು ಸೇರಿಸಿಯೇ ಇಲ್ಲ.

ಊರಿನ ಜನರೆಲ್ಲ ಮುಗಿಯುವ ತನಕ ಇದು ನಡೆಯುತ್ತದೆ ಎಂದುಕೊಳ್ಳಬೇಡ. ಕಳೆದ ಸುತ್ತಿನಲ್ಲಿ ಸೇರಿದಷ್ಟೇ ಜನ ಈ ಸುತ್ತಿನಲ್ಲೂ ಸೇರಿದರೆ ಕುಸಿಯುತ್ತದೆ, ಏಕೆಂದರೆ ಮೊದಲ 120 ಜನರ ನಂತರ ಪ್ರತಿ ಸಲ ಎರಡು ಪಟ್ಟಿಗಿಂತ ಹೆಚ್ಚು ಜನ ಬೇಕು. ಕುಸಿದ ದಿನ ಕೊನೆಗೆ ಸೇರಿದವರೇ ಎಲ್ಲರಿಗಿಂತ ಹೆಚ್ಚಿರುತ್ತಾರೆ.

ನಿನ್ನ ದೊಡ್ಡಪ್ಪನಿಗೆ ಆದದ್ದೂ ಇದೇ. ಅವಧಿ ಮುಗಿದಾಗ, ಅಸಲು ತೆಗೆಯದೆ ಮತ್ತೆ ಹಾಕಿದರೆ ಇನ್ನೂ ಹೆಚ್ಚು ಕೊಡುತ್ತೇವೆ ಎಂದು ಅವರು ಹಣ ಕಟ್ಟಿದ್ದ ಯೋಜನೆಯವರು ಹೇಳಿದರು. ಮೊಬೈಲಿನಲ್ಲಿ ಅಂಕಿ ಬೆಳೆಯುತ್ತಲೇ ಇತ್ತು, ನಗದು ಮಾತ್ರ ಹೊರಗೆ ಬರಲಿಲ್ಲ. ಆಮೇಲೆ ಸರ್ವರ್ ಬದಲಾಗುತ್ತಿದೆ ಎಂದರು, ವಾರಕ್ಕೆ ಇಷ್ಟೇ ತೆಗೆಯಬಹುದು ಎಂದರು, ಒಂದು ದಿನ ಕಚೇರಿಗೆ ಬೀಗ ಬಿತ್ತು. ಹಣ ಹೋದದ್ದಕ್ಕಿಂತ, ತಮ್ಮ ಮಾತು ನಂಬಿ ಸೇರಿದ ಬೀದಿಯ ಮೂರು ಮನೆಯವರ ಮುಖ ನೋಡಲಾಗದೆ ದೊಡ್ಡಪ್ಪ ಹೆಚ್ಚು ನೊಂದರು.

ನೀನು ಅತ್ತೆಯನ್ನೂ ಸೇರಿಸುತ್ತೇನೆ ಎಂದದ್ದು ನನ್ನನ್ನು ಹೆದರಿಸಿತು. ಹೊಸಬರನ್ನು ಸೇರಿಸುತ್ತಾ ಹಣ ಸುತ್ತಿಸುವ ಯೋಜನೆಗಳನ್ನು ನಿಷೇಧಿಸಿದ 1978ರ ಕಾನೂನಿನ ಪ್ರಕಾರ ಅವನ್ನು ನಡೆಸುವುದಷ್ಟೇ ಅಲ್ಲ, ಅವುಗಳಿಗೆ ಸದಸ್ಯರನ್ನು ಸೇರಿಸುವುದೂ ಅಪರಾಧ.

ಭತ್ತ ಕೊಂಡು, ಹುರಿದು, ಮಂಡಕ್ಕಿ ಮಾರಿದಾಗ ನನ್ನ ಲಾಭ ಯಾರ ಜೇಬಿನಿಂದ ಬಂತೆಂದು ನಾನು ಹೇಳಬಲ್ಲೆ. ಆ ಯೋಜನೆಯವರನ್ನೂ ಅದನ್ನೇ ಕೇಳು. ವಿದೇಶಿ ವ್ಯಾಪಾರ ಎಂದರೆ, ಲೆಕ್ಕಪರಿಶೋಧಕರು ಸಹಿ ಮಾಡಿದ ಲೆಕ್ಕ ತೋರಿಸಿ ಎನ್ನು. ಠೇವಣಿ ಪಡೆಯಲು ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ sachet.rbi.org.in ತಾಣದಲ್ಲಿ ನೋಡು. ಭಾನುವಾರ ಮನೆಗೆ ಬಾ, ಈ ಹಾಳೆ ತೆಗೆದಿಟ್ಟಿದ್ದೇನೆ. ಅಲ್ಲಿಯ ತನಕ ಒಂದು ರೂಪಾಯಿಯನ್ನೂ ಕಳುಹಿಸಬೇಡ.

ನಿನ್ನ ಅಪ್ಪ