ಪುಟ್ಟಿಗೆ, ಶನಿವಾರ ಬೆಳಿಗ್ಗೆ ಕ್ಯಾಂಪಿನಲ್ಲಿ ಆಡಬೇಕಾದ ಮಾತು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಎರಡು ಪುಟ ಓದಿದೆ. ಕುದುರೆಮುಖ ಬೆಟ್ಟ ಹತ್ತಲು ಮೊದಲ ಸಲ ಬರುವ 20 ಜನರ ಮುಂದೆ ನೀನೊಬ್ಬಳೇ ನಿಂತು ಮಾತಾಡಬೇಕು ಅಂದಾಗ ನನಗೆ ತುಂಬಾ ಖುಷಿ ಆಯಿತು. ಆದರೆ ನೀನು ಬರೆದದ್ದನ್ನು ಹಾಗೇ ಓದಬೇಡ. "ಜಾಗರೂಕತೆ ವಹಿಸಿ", "ಗುಂಪಿನಿಂದ ಬೇರ್ಪಡಬೇಡಿ", "ನಿರ್ಜಲೀಕರಣ ತಪ್ಪಿಸಿ" ಅಂತೆಲ್ಲ ಬರೆದಿದ್ದೀಯ. ಇದರಲ್ಲಿ ತಪ್ಪು ಯಾವುದೂ ಇಲ್ಲ. ಆದರೆ ಜಾಗ್ರತೆಯಾಗಿರಿ ಅಂದರೆ ಕೈಯಲ್ಲಿ ಏನು ಮಾಡಬೇಕು, ಕಾಲಲ್ಲಿ ಏನು ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ನಿಂತವರು ಮಾಡಿ ತೋರಿಸಬಹುದಾದ ಮಾತನ್ನೇ ಹೇಳು. ನಾಲ್ಕು ವಿಷಯ ಸಾಕು, ಹತ್ತು ನಿಮಿಷ ಸಾಕು.

ಯಾವಾಗ ಹೇಳ್ತೀಯ ಅನ್ನುವುದೂ ಮುಖ್ಯ. ತಿಂಡಿ ತಟ್ಟೆ ಕೈಯಲ್ಲಿದ್ದಾಗ ಬೇಡ, ಬ್ಯಾಗ್ ಹೆಗಲಿಗೇರಿದ ಮೇಲೂ ಬೇಡ, ಆಗ ಅವರ ಮನಸ್ಸು ಆಗಲೇ ಬೆಟ್ಟದ ಮೇಲಿರುತ್ತೆ. ತಿಂಡಿ ಮುಗಿದು ಕೈ ತೊಳೆದು ಬಂದ ಕೂಡಲೇ ಅರ್ಧ ಸುತ್ತು ನಿಲ್ಲಿಸು. ಸೂರ್ಯ ಅವರ ಬೆನ್ನಿಗಿರಲಿ, ನಿನ್ನ ಕಣ್ಣಿಗೆ ಹೊಡೆದರೂ ಪರವಾಗಿಲ್ಲ.

ಮೊದಲು, ಸಾಲಾಗಿ ನಡೆಯುವ ಮಾತು. ಇದಕ್ಕೆ ಅರ್ಧ ಸಮಯ ಕೊಡು. ಯಾಕೆ ಅಂತ ಹೇಳ್ತೀನಿ.

ನಾನು ಗೈಡ್ ಆಗಿದ್ದಾಗ ಒಂದು ಅಕ್ಟೋಬರ್‌ನಲ್ಲಿ 18 ಜನರನ್ನು ಕರೆದುಕೊಂಡು ಹೋಗಿದ್ದೆ. ಮುಂದೆ ನಾನು, ಕೊನೆಯಲ್ಲಿ ಇನ್ನೊಬ್ಬ ಹುಡುಗ. ಬೆಳಿಗ್ಗೆ ನಾನೂ ನಿನ್ನ ಹಾಗೇ "ಗುಂಪು ಬಿಟ್ಟು ಹೋಗಬೇಡಿ" ಅಂತ ಹೇಳಿದ್ದೆ, ಎಲ್ಲರೂ ತಲೆ ಆಡಿಸಿದ್ದರು. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಹೊತ್ತಿಗೆ ಮಂಜು ಇಳಿಯಿತು, ಹತ್ತು ಹೆಜ್ಜೆ ಮುಂದಿನವರು ಕಾಣುತ್ತಿರಲಿಲ್ಲ. ಮಧ್ಯದಲ್ಲಿದ್ದ ಒಬ್ಬ ಹುಡುಗ ಮೂತ್ರಕ್ಕೆ ಅಂತ ಬಂಡೆ ಹಿಂದೆ ಹೋದ. ಯಾರಿಗೂ ಹೇಳಲಿಲ್ಲ, ಎರಡು ನಿಮಿಷದ ಕೆಲಸ ಅಲ್ವಾ ಅಂದುಕೊಂಡಿದ್ದ. ಅಷ್ಟರಲ್ಲಿ ಕೊನೆಯವನೂ ದಾಟಿ ಹೋದ. ಇವನು ವಾಪಸ್ ಬಂದು ನೋಡಿದರೆ ಎದುರಿಗೆ ಎರಡು ದಾರಿ. ಒಂದು ನಮ್ಮದು, ಇನ್ನೊಂದು ಕಾಟಿ ಓಡಾಡಿ ಆದ ಜಾಡು. ಹುಲ್ಲುಗಾವಲಿನಲ್ಲಿ ಕಾಟಿ ಜಾಡು ಮನುಷ್ಯರ ಕಾಲುದಾರಿಗಿಂತ ಅಗಲವಾಗಿ, ಚೊಕ್ಕವಾಗಿ ಕಾಣುತ್ತೆ. ಅವನು ಚೊಕ್ಕವಾಗಿದ್ದದ್ದನ್ನೇ ಹಿಡಿದ.

ನಾನು ಮುಂದಿನ ಸಲ ತಲೆ ಎಣಿಸಿದ್ದು 40 ನಿಮಿಷ ಬಿಟ್ಟು. 17 ಬಂತು. ಮತ್ತೆ ಎಣಿಸಿದೆ, ಆಗಲೂ 17. ಇಬ್ಬರು ವಾಪಸ್ ಓಡಿದೆವು. ಅವನು ಬಂಡೆ ಹತ್ತಿರವೇ ನಿಂತಿದ್ದರೆ ಅರ್ಧ ಗಂಟೆಯಲ್ಲಿ ಸಿಗುತ್ತಿದ್ದ. ಆದರೆ ಅವನಿಗೆ ಯಾರೋ ಹಿಂದೆ ಹೇಳಿದ್ದರಂತೆ, ದಾರಿ ತಪ್ಪಿದರೆ ಹಳ್ಳ ಹಿಡಿದು ಕೆಳಗೆ ಇಳಿ, ಊರು ಸಿಗುತ್ತೆ ಅಂತ. ನಮ್ಮ ಘಟ್ಟದಲ್ಲಿ ಹಳ್ಳ ಹಿಡಿದು ಇಳಿದರೆ ಊರಿಗಿಂತ ಮೊದಲು ಅಬ್ಬಿ ಸಿಗುತ್ತೆ, ಪಾಚಿ ಕಟ್ಟಿದ ಬಂಡೆ ಸಿಗುತ್ತೆ, ಅಲ್ಲಿಂದ ಕೆಳಗೂ ಇಳಿಯುವ ಹಾಗಿಲ್ಲ, ಮೇಲೂ ಹತ್ತುವ ಹಾಗಿಲ್ಲ. ಅವನು ಶೋಲಾ ಕಾಡಿನೊಳಗೆ ಇಳಿದು, ಬಂಡೆ ಮೇಲೆ ಜಾರಿ ಕಾಲು ಉಳುಕಿಸಿಕೊಂಡು ಕೂತಿದ್ದ. ಕೂಗಿ ಕೂಗಿ ಗಂಟಲು ಹೋಗಿತ್ತು. ನೀರಿನ ಸದ್ದಿನಲ್ಲಿ ಅವನ ಕೂಗು ನಮಗೆ ಕೇಳಿಸಲೇ ಇಲ್ಲ. ಅವನ ಬ್ಯಾಗಿನ ಕಿತ್ತಳೆ ಬಣ್ಣದ ಮಳೆಹೊದಿಕೆ ಕಣ್ಣಿಗೆ ಬಿದ್ದದ್ದು ಸಂಜೆ 4ಕ್ಕೆ. ಅವನನ್ನು ಹೊತ್ತು ದಾರಿಗೆ ತಂದೆವು. ಆ ದಿನ ಅವನ ಅಮ್ಮನಿಗೆ ಫೋನ್‌ನಲ್ಲಿ ಏನು ಹೇಳಬೇಕು ಅಂತ ನನಗೆ ಬಾಯಿ ಬರಲಿಲ್ಲ.

ಆಮೇಲೆ ಯೋಚಿಸಿದೆ. ಅವನ ಲೆಕ್ಕದಲ್ಲಿ ಅವನು ಗುಂಪು ಬಿಟ್ಟು ಹೋಗಿರಲಿಲ್ಲ ಪುಟ್ಟಿ, ಎರಡು ನಿಮಿಷ ನಿಂತಿದ್ದ ಅಷ್ಟೆ. ನನ್ನ ಮಾತು ಅವನಿಗೆ ಅನ್ವಯಿಸುತ್ತೆ ಅಂತ ಅವನಿಗೆ ಅನಿಸಲೇ ಇಲ್ಲ. ಮಾರನೆಯ ವಾರದಿಂದ ನಾನು ಹೀಗೆ ಹೇಳಲು ಶುರು ಮಾಡಿದೆ, ನೀನೂ ಇದನ್ನೇ ಹೇಳು:

"ಮುಂದೆ ನಾನು ಇರ್ತೀನಿ, ನನ್ನನ್ನು ಯಾರೂ ದಾಟಬೇಡಿ. ಕೊನೆಯಲ್ಲಿ ಇವರು ಇರ್ತಾರೆ, ಇವರಿಗಿಂತ ಹಿಂದೆ ಯಾರೂ ಉಳಿಯಬೇಡಿ. ನಿಮಗೆ ನಿಲ್ಲಬೇಕು ಅನಿಸಿತು, ಮೂತ್ರಕ್ಕೋ, ಶೂ ದಾರ ಕಟ್ಟೋಕೋ, ಫೋಟೋಗೋ. ಪಕ್ಕದವರಿಗೆ ಹೇಳಿ. ಬ್ಯಾಗನ್ನು ದಾರಿ ಮೇಲೇ ಇಟ್ಟು ಪಕ್ಕಕ್ಕೆ ಹೋಗಿ. ಬ್ಯಾಗ್ ಕಂಡರೆ ಇವರು ನಿಲ್ತಾರೆ. ಒಬ್ಬರೇ ಇದ್ದೀನಿ, ಮುಂದೆಯೂ ಯಾರೂ ಕಾಣಲ್ಲ ಹಿಂದೆಯೂ ಕಾಣಲ್ಲ ಅನಿಸಿದರೆ ಅಲ್ಲೇ ನಿಲ್ಲಿ. ಹುಡುಕಬೇಡಿ, ಕೆಳಗೆ ಇಳಿಯಬೇಡಿ. ಮೂರು ಸಲ ಸೀಟಿ ಊದಿ, ಒಂದು ನಿಮಿಷ ಕಿವಿಗೊಟ್ಟು ಕೇಳಿ, ಮತ್ತೆ ಮೂರು ಸಲ ಊದಿ. ನಾವೇ ಬರ್ತೀವಿ."

ಇಷ್ಟು ಹೇಳಿ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಸೀಟಿ ಕೊಡು, ಅಲ್ಲೇ ಊದಿಸು. ಸ್ವಲ್ಪ ಗಲಾಟೆ ಆಗುತ್ತೆ, ಆಗಲಿ. ಸೀಟಿ ಬ್ಯಾಗಿನೊಳಗೆ ಹೋಗಬಾರದು, ಕುತ್ತಿಗೆಯಲ್ಲಿ ನೇತಾಡುತ್ತಿರಬೇಕು. ಆಮೇಲೆ ಒಂದು, ಎರಡು, ಮೂರು ಅಂತ ಅವರಿಂದಲೇ ನಂಬರ್ ಹೇಳಿಸು. ದಾರಿಯಲ್ಲಿ ಪ್ರತಿ ಸಲ ನಿಂತಾಗ, ಪ್ರತಿ ಹಳ್ಳ ದಾಟಿದಾಗ ಅದೇ ನಂಬರ್ ಕೂಗಿಸು. ನೀನೇ ತಲೆ ಎಣಿಸಿದರೆ ಓಡಾಡುವವರಲ್ಲಿ ಲೆಕ್ಕ ತಪ್ಪುತ್ತೆ. ನಂಬರ್ ಕೂಗಿಸಿದರೆ ಹನ್ನೊಂದು ಆದ ಮೇಲೆ ಯಾರೂ ಮಾತಾಡದಿದ್ದರೆ ಯಾರು ಇಲ್ಲ ಅಂತ ಆ ಕ್ಷಣವೇ ಗೊತ್ತಾಗುತ್ತೆ.

ಎರಡನೆಯದು ನೀರು. ಹೋಗಿ ಬರೋದು ಸುಮಾರು 20 ಕಿಲೋಮೀಟರ್. ಮೊದಲ ಭಾಗದಲ್ಲಿ ನೆರಳಿದೆ, ಹಳ್ಳಗಳಿವೆ, ಮೇಲೆ ಹೋದ ಹಾಗೆ ಬರೀ ಹುಲ್ಲು, ಬಿಸಿಲು. ಒಬ್ಬರಿಗೆ ಮೂರು ಲೀಟರ್ ಹಿಡಿಯುವ ಬಾಟಲಿ ಇದೆಯಾ ಅಂತ ಮಾತಾಡುವಾಗಲೇ ಕೈ ಎತ್ತಿ ತೋರಿಸಲು ಹೇಳು, ಇಲ್ಲದವರಿಗೆ ಅಡುಗೆಮನೆಯಿಂದ ಕೊಡಿಸು. ಬರೀ ನೀರು ಸಾಲದು, ಬೆವರಿನ ಜೊತೆ ಉಪ್ಪೂ ಹೋಗಿರುತ್ತೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟ ಮಾಡಿದ ಚಮಚ. ಉಪ್ಪು ಜಾಸ್ತಿ ಆಗಬಾರದು.

ಇಲ್ಲಿ ಒಂದು ಮಾತನ್ನು ನಾನು ಹೇಳುವುದಕ್ಕಿಂತ ನೀನು ಹೇಳಿದರೆ ಚೆನ್ನಾಗಿರುತ್ತೆ. ಎಷ್ಟೋ ಹೆಣ್ಣುಮಕ್ಕಳು ಬಯಲಿಗೆ ಹೋಗಬೇಕಾಗುತ್ತಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರ್ತಾರೆ. 11 ಗಂಟೆ ಹೊತ್ತಿಗೆ ತಲೆನೋವು ಅಂತ ಕೂತುಬಿಡ್ತಾರೆ, ಕೇಳಿದರೆ ರಾತ್ರಿ ನಿದ್ದೆ ಸರಿಯಾಗಲಿಲ್ಲ ಅಂತಾರೆ. ಅವರನ್ನು ಪಕ್ಕಕ್ಕೆ ಕರೆದು, ದಾರಿಯಲ್ಲಿ ಇಂಥಿಂಥ ಕಡೆ ಮರೆ ಇದೆ, ಅಲ್ಲಿ ನಾನು ಕಾವಲು ನಿಲ್ತೀನಿ, ಧೈರ್ಯವಾಗಿ ನೀರು ಕುಡೀರಿ ಅಂತ ಹೇಳು. ಮುಟ್ಟಾಗಿರುವವರೂ ಆಗ ಬಾಯಿ ಬಿಡ್ತಾರೆ. ಆಸ್ತಮಾ, ಫಿಟ್ಸ್, ಜೇನು ಕಡಿದರೆ ಉಸಿರು ಕಟ್ಟುವುದು, ಇಂಥದ್ದೇನಾದರೂ ಇದೆಯಾ ಅಂತ ಎಲ್ಲರನ್ನೂ ಹೀಗೇ ಒಬ್ಬೊಬ್ಬರಾಗಿ ಕೇಳು, ಗುಂಪಿನ ಮುಂದೆ ಯಾರೂ ಹೇಳಲ್ಲ. ಔಷಧಿ ಬ್ಯಾಗಿನ ಯಾವ ಜೇಬಲ್ಲಿದೆ ಅಂತಲೂ ಕೇಳಿಟ್ಟುಕೋ.

ತಲೆನೋವು, ಓಕರಿಕೆ ಅಂದವರನ್ನು ನೆರಳಲ್ಲಿ ಕೂರಿಸಿ ಉಪ್ಪು ಸಕ್ಕರೆ ನೀರು ಕೊಟ್ಟರೆ ಚೇತರಿಸಿಕೊಳ್ತಾರೆ. ಆದರೆ ಒಬ್ಬರು ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡ್ತಿದ್ದಾರೆ, ನಡೆಯುವಾಗ ತೂರಾಡ್ತಿದ್ದಾರೆ, ಮೈ ಸುಡ್ತಿದೆ ಅಂದರೆ ಅದು ಬೇರೆ. ಆಗ ಬಾಯಿಗೆ ನೀರು ಹಾಕಬೇಡ. ಮೈ ಮೇಲೆ ನೀರು ಸುರಿದು ಗಾಳಿ ಬೀಸುತ್ತಾ ಇರಿ, ಅಷ್ಟರಲ್ಲಿ ಒಬ್ಬರು ಕೆಳಗೆ ಓಡಿ ಗಾಡಿ ತರಲಿ.

ವಾಪಸ್ ತಿರುಗುವ ಸಮಯವನ್ನೂ ಇಲ್ಲೇ, ಕೆಳಗೇ ಹೇಳಿಬಿಡು. "12 ಗಂಟೆಗೆ ಎಲ್ಲಿದ್ದೀವೋ ಅಲ್ಲಿಂದ ವಾಪಸ್. ತುದಿ ಕಣ್ಣಿಗೆ ಕಾಣ್ತಿದ್ದರೂ ವಾಪಸ್." ತುದಿ ಕಂಡ ಮೇಲೆ ಹೇಳಿದರೆ ಯಾರೂ ಕೇಳಲ್ಲ, ಇನ್ನೊಂದು ಅರ್ಧ ಗಂಟೆ ಅಕ್ಕಾ ಅಂತಾರೆ. ಇಳಿಯುವಾಗ ಮಂಡಿ ನಡುಗುತ್ತೆ, ಹೊಸಬರಿಗೆ ಹತ್ತಿದಷ್ಟೇ ಹೊತ್ತು ಇಳಿಯಲೂ ಬೇಕು.

ಮೂರನೆಯದು ಇಂಬಳ. ಅವರು ಅತಿ ಹೆಚ್ಚು ಹೆದರುವುದು ಇದಕ್ಕೇ. ಇಂಬಳ ಕಡಿದು ಯಾರಿಗೂ ಏನೂ ಆಗಲಿಲ್ಲ ನನ್ನ ಕಣ್ಣೆದುರು, ಇಂಬಳ ಕಂಡು ಕುಣಿದಾಡಿ ಬಂಡೆ ಮೇಲೆ ಬಿದ್ದು ಕೈ ಮುರಿದುಕೊಂಡವರನ್ನು ನೋಡಿದ್ದೀನಿ. ಅದಕ್ಕೆ ಬೆಳಿಗ್ಗೆಯೇ ಅಂಗಳದ ಅಂಚಿನ ಒದ್ದೆ ಎಲೆಯಿಂದ ಒಂದನ್ನು ಹಿಡಿದು ನಿನ್ನ ಕೈ ಮೇಲೆ ಬಿಟ್ಟುಕೋ. ಅದು ದಾರದ ಹಾಗೆ ಎದ್ದು ನಿಂತು ಅತ್ತ ಇತ್ತ ತಡಕಾಡುತ್ತೆ, ಬಗ್ಗಿ ಬಗ್ಗಿ ಹೆಜ್ಜೆ ಹಾಕುತ್ತೆ, ಆಮೇಲೆ ಸಣ್ಣ ತುದಿಯಿಂದ ಕಚ್ಚುತ್ತೆ. ಎಲ್ಲರೂ ಹತ್ತಿರ ಬಂದು ನೋಡಲಿ. ಉಗುರನ್ನು ಚರ್ಮಕ್ಕೆ ಒತ್ತಿ ಆ ಸಣ್ಣ ತುದಿಯ ಕೆಳಗೆ ಸರಿಸಿ, ಆಮೇಲೆ ದಪ್ಪ ತುದಿ ಬಿಡಿಸಿ ಎಸೆದು ತೋರಿಸು. ಕಚ್ಚಿಕೊಂಡಿರುವಾಗ ಉಪ್ಪು ಹಾಕುವುದು, ಲೈಟರ್ ಹಿಡಿಯುವುದು ಬೇಡ, ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಹೊಗೆಸೊಪ್ಪಿನ ಪುಡಿಯನ್ನೋ ಉಪ್ಪನ್ನೋ ಮೊದಲೇ ಕಾಲುಚೀಲಕ್ಕೆ ಹಚ್ಚಿಕೊಳ್ಳುವುದು ಸರಿ. ರಕ್ತ ಬೇಗ ನಿಲ್ಲಲ್ಲ, ಒಂದೆರಡು ಗಂಟೆ ಒಸರಬಹುದು, ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇರುತ್ತೆ. ತೊಳೆದು ಬಟ್ಟೆ ಒತ್ತಿ ಹಿಡಿದರೆ ಆಯಿತು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ನಿನಗೆ ಮೊದಲೇ ಹೇಳಬೇಕು.

ಇಂಬಳಕ್ಕಿಂತ ನಾನು ಹೆದರುವುದು ಉಣುಗಿಗೆ. ಅದು ಎಳ್ಳಿಗಿಂತಲೂ ಚಿಕ್ಕದಿರುತ್ತೆ, ಕಚ್ಚಿದ್ದೂ ಗೊತ್ತಾಗಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು, ನಮ್ಮ ಜಿಲ್ಲೆಯಲ್ಲೂ ಬಂದಿದೆ, ಚಳಿಗಾಲದಿಂದ ಬೇಸಿಗೆಯವರೆಗೆ ಜಾಸ್ತಿ. "ಒಣ ತರಗೆಲೆ ಮೇಲೆ ಕೂರಬೇಡಿ, ಬಂಡೆ ಮೇಲೆ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನನಗೆ ಹೇಳಿ. ಕ್ಯಾಂಪಿಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಾಯಿಸಿ. ಊರಿಗೆ ಹೋದ ಎರಡು ವಾರದೊಳಗೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲೇಬೇಕು." ಬೆಂಗಳೂರಿನ ಡಾಕ್ಟರಿಗೆ ಇವರು ಹೇಳದಿದ್ದರೆ ಅದು ಹೊಳೆಯುವುದು ಕಷ್ಟ.

ಹಾವಿನ ಮಾತು ಕೊನೆಗೆ, ಚಿಕ್ಕದಾಗಿ ಇರಲಿ. ನೋಡದ ಜಾಗದಲ್ಲಿ ಕೈ ಇಡಬೇಡಿ, ಶೂ ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಹಗ್ಗ ಕಟ್ಟಬಾರದು, ಕುಯ್ಯಬಾರದು, ಬಾಯಿಂದ ಹೀರಬಾರದು. ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕಾಲು ಅಲ್ಲಾಡದ ಹಾಗೆ ಕೋಲು ಕಟ್ಟಿ, ನಡೆಸದೆ ಹೊತ್ತು ತರಬೇಕು. ಹಾವು ಹಿಡಿಯಲು ಹೋಗುವುದು ಬೇಡ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷದ ಚುಚ್ಚುಮದ್ದು ಇದೆ ಅಂತ ನೀನು ಶುಕ್ರವಾರವೇ ಫೋನ್ ಮಾಡಿ ಕೇಳಿಟ್ಟುಕೊಂಡಿರಬೇಕು. ಮೇಲೆ ಸಿಗ್ನಲ್ ಇರಲ್ಲ.

ಎಲ್ಲ ಆದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡ, ಎಲ್ಲರೂ ಹೂಂ ಅಂತಾರೆ. ಹಿಂದೆ ನಿಂತು ಫೋನ್ ನೋಡ್ತಿದ್ದವರನ್ನು ಮೆತ್ತಗೆ ಕರೆದು, "ಮಂಜಲ್ಲಿ ನೀವೊಬ್ಬರೇ ಉಳಿದಿರಿ, ಈಗ ಏನು ಮಾಡ್ತೀರಿ, ಮಾಡಿ ತೋರಿಸಿ" ಅನ್ನು. ಅವರು ನಿಂತು ಮೂರು ಸಲ ಸೀಟಿ ಊದಿದರೆ ಬ್ಯಾಗ್ ಎತ್ತಲು ಹೇಳು. ಊದದಿದ್ದರೆ ಸಾಲಿನ ಮಾತನ್ನು ಇನ್ನೊಮ್ಮೆ ಹೇಳು, ತಡವಾದರೂ ಚಿಂತೆಯಿಲ್ಲ.

ಇಪ್ಪತ್ತೈದು ಸೀಟಿ ಕೊಪ್ಪದ ಅಂಗಡಿಯಲ್ಲಿ ಕೊಂಡು ಬಸ್ಸಿನಲ್ಲಿ ಕಳಿಸಿದ್ದೀನಿ, ಗುರುವಾರ ಸಂಜೆ ಇಳಿಸ್ಕೋ. ಶನಿವಾರ ಕೊನೆಯವರೂ ಕ್ಯಾಂಪಿಗೆ ಬಂದು ನಂಬರ್ ಕೂಗಿದ ಮೇಲೆ ನನಗೊಂದು ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರ್ತೀನಿ.

ನಿನ್ನ
ದೊಡ್ಡಪ್ಪ