ಉಯಿಲು ಇಲ್ಲದಿದ್ದರೆ ಜೊತೆಗಿದ್ದವಳಿಗೆ ಏನು ಸಿಗುತ್ತದೆ?

ಮಾನ್ಯರೇ,

ಮದುವೆಯಾಗದೆ ಕೂಡಿ ಬಾಳಿದವರ ಬಗ್ಗೆ ಕೋರ್ಟಿನ ತೀರ್ಪು ಬಂದಾಗಲೆಲ್ಲ ‘ಮಕ್ಕಳಿಗೂ ಆಸ್ತಿ ಹಕ್ಕು’ ಎಂಬ ತಲೆಬರಹ ಕಾಣುತ್ತದೆ. ಓದಿದವರು ತಾಯಿಗೂ ಏನೋ ಸಿಗುತ್ತದೆ ಅಂದುಕೊಳ್ಳುತ್ತಾರೆ. ಸಿವಿಲ್ ದಾವೆ ನಡೆಸುವ ವಕೀಲ ನಾನು. ಗಂಡಸು ತೀರಿಕೊಂಡ ಮೇಲೆ ಇದೇ ನಂಬಿಕೆಯಲ್ಲಿ ಬರುವ ಹೆಣ್ಣುಮಕ್ಕಳಿಗೆ ಉತ್ತರ ಹೇಳುವುದು ಕಷ್ಟವಾಗುತ್ತದೆ. ಇಲ್ಲಿ ಹೇಳುತ್ತಿರುವುದು ಹಿಂದೂ ಕುಟುಂಬಗಳ ಮಾತು ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬಾತ ಹೆಂಡತಿಯನ್ನು ಬಿಟ್ಟು ಬೇರೆ ಇದ್ದಾನೆ, ಆದರೆ ವಿಚ್ಛೇದನ ಆಗಿಲ್ಲ. ಆ ಹೆಂಡತಿಯಿಂದ ಒಬ್ಬ ಮಗಳಿದ್ದಾಳೆ. ಆಮೇಲೆ ಇನ್ನೊಬ್ಬಾಕೆಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿ ಸಂಸಾರ ಹೂಡಿದ. ಅವರಿಗೆ ಇಬ್ಬರು ಮಕ್ಕಳು. ಅವನ ತಾಯಿ ಇಲ್ಲ. ಸ್ವಂತ ದುಡಿಮೆಯ ಒಂದು ಮನೆ ಇದೆ. ಪಿತ್ರಾರ್ಜಿತ ಜಮೀನಿನಲ್ಲಿ, ಸಾಯುವ ಮುಂಚೆ ಪಾಲಾಗಿದ್ದರೆ, ಅವನ ಪಾಲಿಗೆ 2 ಎಕರೆ ಬರುತ್ತಿತ್ತು ಅಂತಿಟ್ಟುಕೊಳ್ಳಿ. ಉಯಿಲು ಬರೆಯದೆ ತೀರಿಕೊಂಡ.

ಮೊದಲ ಹೆಂಡತಿ ಬದುಕಿರುವಾಗ ಆದ ಮದುವೆ ಕಾನೂನಿನಲ್ಲಿ ಮದುವೆಯೇ ಅಲ್ಲ. ಆದರೂ ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಅಂಥ ಮದುವೆಯ ಮಕ್ಕಳನ್ನು ಸಕ್ರಮ ಮಕ್ಕಳೆಂದೇ ಒಪ್ಪುತ್ತದೆ. ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿತು. ಪಿತ್ರಾರ್ಜಿತದಲ್ಲಿ ತಂದೆಯ ಪಾಲಿಗೆ ಬರುವುದರಲ್ಲೂ ಈ ಮಕ್ಕಳಿಗೆ ಭಾಗ ಇದೆ. ಹುಟ್ಟಿನಿಂದಲೇ ಕುಟುಂಬದ ಆಸ್ತಿಗೆ ಹಕ್ಕುದಾರರಾಗುವುದಿಲ್ಲ, ಅಷ್ಟೇ. ಹಾಗಾಗಿ ಆ 2 ಎಕರೆ ನಾಲ್ಕು ಭಾಗವಾಗುತ್ತದೆ. ಮೊದಲ ಹೆಂಡತಿ, ಅವಳ ಮಗಳು, ಈ ಇಬ್ಬರು ಮಕ್ಕಳು, ತಲಾ 20 ಗುಂಟೆ. ಮನೆಯಲ್ಲೂ ತಲಾ ಕಾಲು ಭಾಗ. ಅವನ ಜೊತೆ ಕೊನೆಯವರೆಗೂ ಬಾಳಿದವಳಿಗೆ ಒಂದು ಗುಂಟೆಯೂ ಇಲ್ಲ. ಮಕ್ಕಳು ಚಿಕ್ಕವರಾಗಿದ್ದರೆ ಅವರ ಪರವಾಗಿ ಆಸ್ತಿ ನೋಡಿಕೊಳ್ಳಬಹುದು, ಆದರೆ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ.

ಈಗ ಆ ತಾಳಿಯನ್ನು ಲೆಕ್ಕದಿಂದ ತೆಗೆಯಿರಿ. ಸುಮ್ನೆ ಒಂದೇ ಮನೆಯಲ್ಲಿದ್ದರು ಅಷ್ಟೇ ಅಂದರೆ ಮಕ್ಕಳ ಹಕ್ಕೂ ಅಲ್ಲಾಡುತ್ತದೆ. 16ನೇ ಕಲಂ ನಿಂತಿರುವುದೇ ಯಾವುದೋ ಒಂದು ಮದುವೆ ನಡೆದಿದೆ ಎಂಬುದರ ಮೇಲೆ. ಎದುರಾಳಿ ವಕೀಲರ ಮೊದಲ ಪ್ರಶ್ನೆಯೂ ಅದೇ: ‘ಮದುವೆ ಎಲ್ಲಿ ಆಯ್ತು? ಯಾರಿದ್ದರು?’ ಒಂದು ಫೋಟೊ, ದೇವಸ್ಥಾನದ ರಸೀದಿ, ಅಲ್ಲಿದ್ದ ಇಬ್ಬರ ಸಾಕ್ಷಿ ಆಗ ಬಹಳ ಬೆಲೆಬಾಳುತ್ತವೆ. ಜನನ ಪ್ರಮಾಣಪತ್ರದಲ್ಲಿ, ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರನ್ನು ಅವನು ಬದುಕಿದ್ದಾಗಲೇ ಬರೆಸಿದ್ದರೆ ಇನ್ನೂ ಒಳ್ಳೆಯದು. ಸತ್ತ ಮೇಲೆ ಸೇರಿಸಿದ ಹೆಸರನ್ನು ಯಾರು ನಂಬುತ್ತಾರೆ?

ಗಂಡು ಹೆಣ್ಣು ಇಬ್ಬರಿಗೂ ಬೇರೆ ಮದುವೆ ಆಗಿರದಿದ್ದರೆ ಕಥೆಯೇ ಬೇರೆ. ಬಹುಕಾಲ ಗಂಡ ಹೆಂಡತಿಯಂತೆ ಬಾಳಿದವರನ್ನು ಮದುವೆಯಾದವರೆಂದೇ ಕೋರ್ಟ್ ಭಾವಿಸುತ್ತದೆ. 2022ರಲ್ಲಿ ಕೇರಳದ ಒಂದು ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಆಗ ಆಕೆ ವಿಧವೆಯಾಗಿಯೇ ಪಾಲು ಕೇಳಬಹುದು.

ವಿಷಯ ಕೆಡುವುದು ಜಾಸ್ತಿ ನಾಡಕಚೇರಿಯಲ್ಲಿ. ತಿಥಿ ಮುಗಿಯುತ್ತಲೇ ಅಣ್ಣತಮ್ಮಂದಿರೋ ಮೊದಲ ಹೆಂಡತಿಯ ಕಡೆಯವರೋ ಈ ಮಕ್ಕಳನ್ನು ಬಿಟ್ಟು ವಂಶವೃಕ್ಷ ಮಾಡಿಸುತ್ತಾರೆ. ಅದನ್ನಿಟ್ಟು ಪೌತಿ ಖಾತೆ ಆಗುತ್ತದೆ, ಪಹಣಿಯಲ್ಲಿ ಹೆಸರು ಕೂರುತ್ತದೆ, ಕೊನೆಗೆ ಜಮೀನು ಮಾರಾಟವೂ ಆಗಿಬಿಡುತ್ತದೆ. ಖಾತೆ ಆದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ನಿಜ, ಆದರೆ ಕೊಂಡವನು ಬಂದು ಬೇಲಿ ಹಾಕಿದ ಮೇಲೆ ದಾವೆ ಎಷ್ಟು ವರ್ಷ ಎಳೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದ್ದರಿಂದ ಮರಣ ಪ್ರಮಾಣಪತ್ರ ಕೈಗೆ ಬಂದ ವಾರದಲ್ಲೇ ಮಕ್ಕಳ ಹೆಸರಿನಲ್ಲಿ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಬೇಕು. ನಂತರ ಪಾಲಿನ ದಾವೆ ಹಾಕಿ, ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು.

ಇಷ್ಟೆಲ್ಲ ತಪ್ಪಿಸಲು ಅವನು ಮಾಡಬೇಕಿದ್ದ ಕೆಲಸ ಸಣ್ಣದು. ಸ್ವಂತ ಆಸ್ತಿಯನ್ನೂ ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನೂ ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಅವನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಇಂಥ ಮನೆಗಳಲ್ಲಿ ಮಾಡಿಸಿಡುವುದೇ ವಾಸಿ. ಬ್ಯಾಂಕಿನಲ್ಲಿ ನಾಮಿನಿ ಮಾಡಿದ್ದೇನಲ್ಲ ಅಂತ ಸುಮ್ಮನಿರುವವರೂ ಇದ್ದಾರೆ. ನಾಮಿನಿ ಹಣ ಪಡೆಯಬಹುದು, ಆದರೆ ವಾರಸುದಾರರು ಕೇಳಿದರೆ ಅವರ ಪಾಲು ಕೊಡಲೇಬೇಕು.

ಕಂದಾಯ ಇಲಾಖೆಗೆ ಒಂದು ಮನವಿ. ವಂಶವೃಕ್ಷ ಕೊಡುವ ಮುನ್ನ, ಸತ್ತವನು ಕೊನೆಗೆ ವಾಸವಿದ್ದ ಮನೆಗೂ ಗ್ರಾಮ ಆಡಳಿತ ಅಧಿಕಾರಿ ಹೋಗಿ ವಿಚಾರಿಸಲೇಬೇಕು ಎಂದು ಸುತ್ತೋಲೆ ಹೊರಡಿಸಲಿ.

– ಒಬ್ಬ ವಕೀಲ, ಹಾವೇರಿ